ಡಬ್ಬದ ತೂಕ ನಿಮ್ಮ ಕಡತದಲ್ಲೇ ಇದೆ: ಆನ್‌ಲೈನ್ ಮಾರಾಟ ವೇದಿಕೆಗಳಿಗೆ ಒಂದು ಬಹಿರಂಗ ಪತ್ರ

ಗೆ,
ಆನ್‌ಲೈನ್ ಮಾರಾಟ ವೇದಿಕೆಗಳ ಗ್ರಾಹಕ ದೂರು ವಿಭಾಗಗಳ ಮುಖ್ಯಸ್ಥರು,
ಹಾಗೂ ಅವುಗಳ ಪರವಾಗಿ ಪಾರ್ಸೆಲ್ ಸಾಗಿಸುವ ಕೊರಿಯರ್ ಸಂಸ್ಥೆಗಳ ವ್ಯವಸ್ಥಾಪಕರು.

ವಿಷಯ: ಖಾಲಿ ಡಬ್ಬ ಅಥವಾ ಅಗ್ಗದ ಬದಲಿ ವಸ್ತು ಬಂದಾಗ ಕೇಳಲಾಗುವ ಪುರಾವೆ, ಮತ್ತು ನಿಮ್ಮ ಬಳಿಯೇ ಇರುವ ಪುರಾವೆಯ ಕುರಿತು.

ಮಾನ್ಯರೇ,

ನಿಮ್ಮಂಥ ಒಂದು ವೇದಿಕೆಯಲ್ಲಿ ಅಂಗಡಿ ತೆರೆದಿದ್ದ ಮಾರಾಟಗಾರರೊಬ್ಬರಿಂದ ನಾನು ಕ್ಯಾಮೆರಾ ಲೆನ್ಸ್ ಒಂದನ್ನು ಕೊಂಡೆ. ತಯಾರಕರ ವಿವರಣೆಯ ಪ್ರಕಾರ ಲೆನ್ಸ್‌ನ ತೂಕವೇ ಸುಮಾರು 800 ಗ್ರಾಂ. ಅದರ ಸ್ವಂತ ಪೆಟ್ಟಿಗೆ, ಚೀಲ, ಮುಚ್ಚಳಗಳು ಮತ್ತು ಹೊರಗಿನ ರಟ್ಟಿನ ಡಬ್ಬ ಎಲ್ಲ ಸೇರಿದರೆ 1.3 ಕಿಲೋಗ್ರಾಂ ಆಸುಪಾಸು ಇರಬೇಕು. ಬಂದ ಪಾರ್ಸೆಲನ್ನು ತೆರೆಯುವ ಮುನ್ನವೇ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಇಟ್ಟಾಗ ಅದು ತೋರಿಸಿದ್ದು 430 ಗ್ರಾಂ. ಒಳಗೆ ಮುದ್ದೆ ಮಾಡಿದ ಕಂದು ಕಾಗದ, ಅದರ ನಡುವೆ ಲೆನ್ಸ್‌ನ ಮುಂದೆ ಸಿಕ್ಕಿಸುವ ಪ್ಲಾಸ್ಟಿಕ್ ಹುಡ್ ಒಂದು ಇತ್ತು. ಲೆನ್ಸ್ ಇರಲಿಲ್ಲ. ಡಬ್ಬದ ಮೇಲಿನ ಟೇಪು ಮೇಲೂ ಕೆಳಗೂ ಒಂದೇ ಬಗೆಯದಾಗಿತ್ತು, ಎಲ್ಲಿಯೂ ಕಿತ್ತು ಮತ್ತೆ ಅಂಟಿಸಿದ ಗುರುತು ಕಾಣಲಿಲ್ಲ.

ಆ ಹುಡ್ ಅನ್ನು ಯಾರೋ ಮರೆತು ಹಾಕಿದ್ದಲ್ಲ. ಡಬ್ಬ ಪೂರ್ತಿ ಖಾಲಿಯಾಗಿದ್ದರೆ ದೂರು ಸರಳವಾಗಿರುತ್ತದೆ. ಏನಾದರೊಂದು ವಸ್ತು ಒಳಗಿದ್ದರೆ ಅದು "ತಪ್ಪು ವಸ್ತು ಬಂದಿದೆ" ಎಂಬ ಪಟ್ಟಿಗೆ ಸೇರುತ್ತದೆ, ಆಗ ಖರೀದಿದಾರ ಆ ವಸ್ತುವನ್ನು ಹಿಂದಿರುಗಿಸಬೇಕಾಗುತ್ತದೆ, ಹಿಂದಿರುಗಿಸಿದ ಮೇಲೆ ಮಾರಾಟಗಾರ "ನಾನು ಕಳಿಸಿದ್ದು ಲೆನ್ಸ್, ಇವರು ವಾಪಸ್ ಕಳಿಸಿದ್ದು ಹುಡ್" ಎಂದು ಹೇಳಬಹುದು. ಈ ದಾರಿಯ ಬಗ್ಗೆ ಮುಂದೆ ಬರೆಯುತ್ತೇನೆ. ಮೊದಲು ನನ್ನ ದೂರಿಗೆ ಬಂದ ಉತ್ತರಗಳನ್ನು ನಿಮ್ಮ ಮುಂದಿಡಬೇಕು, ಏಕೆಂದರೆ ಈ ಪತ್ರ ಹುಟ್ಟಿದ್ದು ಮೋಸದಿಂದ ಎನ್ನುವುದಕ್ಕಿಂತ ಆ ಉತ್ತರಗಳಿಂದ.

ಮೊದಲ ಉತ್ತರ: ಓಟಿಪಿ ಕೊಟ್ಟು ಪಾರ್ಸೆಲ್ ಪಡೆದಿದ್ದೀರಿ, ಆದ್ದರಿಂದ ವಸ್ತು ತಲುಪಿದೆ. ಎರಡನೆಯ ಉತ್ತರ: ಡಬ್ಬ ತೆರೆಯುವ ವಿಡಿಯೋ ಕಳಿಸಿ. ನನ್ನ ಬಳಿ ವಿಡಿಯೋ ಇತ್ತು, ಆದರೆ ದೂರಿನ ಪುಟ 20 ಎಂಬಿಗಿಂತ ದೊಡ್ಡ ಕಡತವನ್ನು ಸ್ವೀಕರಿಸುತ್ತಿರಲಿಲ್ಲ. ಬೇರೆ ದಾರಿಯಿಲ್ಲದೆ ಮುಖ್ಯ ಭಾಗವನ್ನು ಮಾತ್ರ ಕತ್ತರಿಸಿ, ಗಾತ್ರ ಇಳಿಸಿ ಕಳಿಸಿದೆ. ಅದಕ್ಕೆ ಬಂದ ಉತ್ತರ, ವಿಡಿಯೋ ಸಂಪಾದಿತವಾಗಿದೆ, ಪುರಾವೆಯಾಗಿ ಪರಿಗಣಿಸಲಾಗದು. ಕೊನೆಗೆ ಬಂದ ಉತ್ತರವೇ ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದು: "ನಮ್ಮ ದಾಖಲೆಯ ಪ್ರಕಾರ ಪಾರ್ಸೆಲ್‌ನ ತೂಕ 2.4 ಕಿಲೋಗ್ರಾಂ ಇದೆ, ಹೀಗಾಗಿ ಡಬ್ಬದಲ್ಲಿ ವಸ್ತು ಇರಲಿಲ್ಲ ಎಂಬ ತಮ್ಮ ಮಾತನ್ನು ಒಪ್ಪಲಾಗುವುದಿಲ್ಲ."

ಮಾನ್ಯರೇ, ಲೆನ್ಸ್ ಇದ್ದಿದ್ದರೂ ಆ ಡಬ್ಬ 2.4 ಕಿಲೋಗ್ರಾಂ ತೂಗಲು ಸಾಧ್ಯವಿರಲಿಲ್ಲ. ಹಾಗಾದರೆ ಆ ಅಂಕಿ ಎಲ್ಲಿಂದ ಬಂತು? ಡಬ್ಬದ ಅಳತೆ ನನ್ನ ವಿಡಿಯೋದಲ್ಲಿತ್ತು: ಉದ್ದ 30 ಸೆಂಟಿಮೀಟರ್, ಅಗಲ 20, ಎತ್ತರ 20. ಮೂರನ್ನೂ ಗುಣಿಸಿದರೆ 12,000 ಘನ ಸೆಂಟಿಮೀಟರ್. ಅದನ್ನು 5000ದಿಂದ ಭಾಗಿಸಿದರೆ 2.4. ಇದು ಕೊರಿಯರ್‌ನವರು ಗಾತ್ರದ ತೂಕ ಎಂದು ಕರೆಯುವ ಲೆಕ್ಕ. ವಾಹನದಲ್ಲಿ ಹಗುರವಾದ ದೊಡ್ಡ ಡಬ್ಬವೂ ಜಾಗ ಹಿಡಿಯುತ್ತದೆ ಎಂಬ ಕಾರಣಕ್ಕೆ, ನಿಜವಾದ ತೂಕ ಮತ್ತು ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಹಾಕುವುದು ಈ ಉದ್ಯಮದ ರೂಢಿ. ಭಾಜಕ ಬಹಳ ಕಡೆ 5000, ಕೆಲವು ಸೇವೆಗಳಲ್ಲಿ ಬೇರೆ. ನಿಮ್ಮ ದೂರು ವಿಭಾಗದ ಸಿಬ್ಬಂದಿ ನನ್ನ ಮುಂದೆ ಹಿಡಿದದ್ದು ಬಾಡಿಗೆಯ ಲೆಕ್ಕಕ್ಕೆ ಹುಟ್ಟಿದ ಅಂಕಿಯನ್ನು. ಆ ಡಬ್ಬದಲ್ಲಿ ಬರೀ ಗಾಳಿ ತುಂಬಿದ್ದರೂ ಅದು 2.4 ಎಂದೇ ಇರುತ್ತಿತ್ತು.

ಇದು ಒಬ್ಬ ಸಿಬ್ಬಂದಿಯ ಅಜ್ಞಾನ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅವರ ಪರದೆಯ ಮೇಲೆ "ತೂಕ" ಎಂಬ ಒಂದೇ ಕಲಂ ಇದ್ದು, ಅದರಲ್ಲಿ ಬಾಡಿಗೆಯ ತೂಕವನ್ನೇ ತುಂಬಿಟ್ಟಿದ್ದರೆ ಪಾಪ, ಅವರಾದರೂ ಏನು ಮಾಡಬೇಕು? ಕೊರಿಯರ್ ಸಂಸ್ಥೆಯ ದೊಡ್ಡ ವಿಂಗಡಣಾ ಕೇಂದ್ರಗಳಲ್ಲಿ ಪಾರ್ಸೆಲ್ ಚಲಿಸುವ ಕನ್ವೇಯರ್ ಪಟ್ಟಿಯ ಮೇಲೆ ಸಾಗುವಾಗಲೇ ತೂಕ, ಅಳತೆ ಮತ್ತು ಲೇಬಲ್‌ನ ಬಾರ್‌ಕೋಡ್ ಮೂರನ್ನೂ ದಾಖಲಿಸುವ ಯಂತ್ರಗಳಿರುತ್ತವೆ. ಮಾರಾಟಗಾರ ಕಡಿಮೆ ತೂಕ ಬರೆದು ಬಾಡಿಗೆ ಉಳಿಸಬಾರದೆಂದು ಹಾಕಿರುವ ಯಂತ್ರಗಳವು. ತಮ್ಮ ಬಾಡಿಗೆಯ ವ್ಯಾಜ್ಯ ಬಂದಾಗ ಅದೇ ದಾಖಲೆಯನ್ನು ಮಾರಾಟಗಾರನ ಮುಂದಿಡುತ್ತೀರಿ. ಖರೀದಿದಾರ ಕೇಳಿದಾಗ ಮಾತ್ರ ಅದು ಕಾಣೆಯಾಗುತ್ತದೆ.

ನಾನು ಸಾಗಣೆ ಸಂಸ್ಥೆಯನ್ನೇ ಲಿಖಿತವಾಗಿ ಕೇಳಿದೆ. ಪಾರ್ಸೆಲ್ ಕಳಿಸಿದವರಿಗೆ ಮಾತ್ರ ಆ ವಿವರ ಕೊಡುತ್ತೇವೆ ಎಂದು ಮೊದಲು ಹೇಳಿದರು. ಪತ್ರವ್ಯವಹಾರ ಮುಂದುವರಿದ ಮೇಲೆ ಒಂದು ಸಾಲಿನ ಉತ್ತರ ಬಂತು: ಮಾರಾಟಗಾರನಿಂದ ಪಾರ್ಸೆಲ್ ಎತ್ತಿಕೊಂಡ ನಂತರದ ಮೊದಲ ಕೇಂದ್ರದಲ್ಲಿ ನಿಜವಾದ ತೂಕ 0.44 ಕಿಲೋಗ್ರಾಂ. ನನ್ನ ತಕ್ಕಡಿಗೂ ಅವರ ಯಂತ್ರಕ್ಕೂ ಕೇವಲ 10 ಗ್ರಾಂ ವ್ಯತ್ಯಾಸ. ಆ ಸಾಲನ್ನು ವೇದಿಕೆಯ ದೂರು ವಿಭಾಗಕ್ಕೆ ಕಳಿಸಿದ ಮೇಲೆ ನನ್ನ ಹಣ ಯಾವ ವಿವರಣೆಯೂ ಇಲ್ಲದೆ ಹಿಂದಿರುಗಿತು. ಮಾರಾಟಗಾರನ ಪುಟ ಮಾತ್ರ ಹಾಗೆಯೇ ಉಳಿಯಿತು.

ಆ ಒಂದು ಸಾಲು ಎಷ್ಟು ಹೇಳುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ಮೊದಲ ಕೇಂದ್ರದಲ್ಲೇ 0.44 ಇದ್ದರೆ ಡಬ್ಬ ಮಾರಾಟಗಾರನ ಕೈಯಿಂದಲೇ ಹಾಗೆ ಹೊರಟಿದೆ, ಅಥವಾ ಅಲ್ಲಿಂದ ಎತ್ತಿಕೊಂಡ ಮೊದಲ ಹಂತದಲ್ಲೇ ಏನೋ ಆಗಿದೆ. ಮೊದಲ ಕೇಂದ್ರದಲ್ಲಿ 1.3 ಇದ್ದು ಕೊನೆಯ ಕೇಂದ್ರದಲ್ಲಿ 0.44 ಆಗಿದ್ದರೆ ಕಳವು ದಾರಿಯಲ್ಲಾಗಿದೆ, ಮಾರಾಟಗಾರ ನಿರಪರಾಧಿ. ಕೊನೆಯ ಕೇಂದ್ರದಲ್ಲೂ 1.3 ಇದ್ದು ಬಾಗಿಲಲ್ಲಿ 0.44 ಎಂದು ಖರೀದಿದಾರ ಹೇಳಿದರೆ ಒಂದೋ ಕೊನೆಯ ಹಂತದಲ್ಲಿ ಕೈವಾಡವಿದೆ, ಇಲ್ಲವೇ ಖರೀದಿದಾರನೇ ಸುಳ್ಳು ಹೇಳುತ್ತಿದ್ದಾನೆ. ಯಾರ ಮೇಲೂ ಹಗೆಯಿಲ್ಲದ ಯಂತ್ರವೊಂದು ಬರೆದಿಟ್ಟ ಎರಡು ಮೂರು ಅಂಕಿಗಳು ಇಷ್ಟನ್ನು ಬೇರ್ಪಡಿಸುತ್ತವೆ. ನನ್ನ ವಿಡಿಯೋ ಎಷ್ಟೇ ಚೆನ್ನಾಗಿದ್ದರೂ ಡಬ್ಬ ನನ್ನ ಕೈಗೆ ಬರುವ ಮುಂಚಿನದ್ದನ್ನು ಅದು ಹೇಳಲಾರದು.

ತೂಕದ ಮಿತಿಯನ್ನೂ ಹೇಳಬೇಕು. ಪಾರ್ಸೆಲ್‌ನ ತೂಕ ವಸ್ತುವಿನ ತೂಕಕ್ಕಿಂತಲೂ ಕಡಿಮೆಯಿದ್ದರೆ ವಸ್ತು ಒಳಗಿಲ್ಲ ಎಂಬುದು ನಿಶ್ಚಯ. ತೂಕ ಸರಿಯಿದ್ದರೆ ವಸ್ತು ಒಳಗಿದೆ ಎಂಬುದು ನಿಶ್ಚಯವಲ್ಲ. ಪಳಗಿದ ಮೋಸಗಾರ ಹೆಂಚಿನ ಚೂರನ್ನೋ ಮರಳಿನ ಪೊಟ್ಟಣವನ್ನೋ ಇಟ್ಟು ತೂಕ ಸರಿದೂಗಿಸುತ್ತಾನೆ. ಮೆಮೊರಿ ಕಾರ್ಡ್, ಕಿವಿಗೆ ಹಾಕುವ ಇಯರ್‌ಬಡ್‌ನಂಥ ಹಗುರ ವಸ್ತುಗಳಲ್ಲಿ ಕೇಂದ್ರದ ಯಂತ್ರದ ಅಂಕಿಗೆ ಅರ್ಥವೇ ಇರುವುದಿಲ್ಲ; ವಸ್ತುವಿನ ತೂಕಕ್ಕಿಂತ ಡಬ್ಬಕ್ಕೆ ಸುತ್ತಿದ ಟೇಪಿನ ತೂಕವೇ ಹೆಚ್ಚಿರಬಹುದು. ಆದ್ದರಿಂದ ವಿಡಿಯೋ ಬೇಡ ಎಂದು ನಾನು ಹೇಳುತ್ತಿಲ್ಲ. ವಿಡಿಯೋ ಕೇಳುವುದಾದರೆ ಹೇಗಿರಬೇಕೆಂದು ಆರ್ಡರ್ ಖಚಿತಪಡಿಸುವ ಸಂದೇಶದಲ್ಲೇ ಹೇಳಿ, ಮೋಸ ನಡೆದ ಮೇಲೆ ಹೇಳಬೇಡಿ ಎಂಬುದು ನನ್ನ ಆಕ್ಷೇಪ. ಡಬ್ಬ ತೆರೆದಾಗಿದೆ, ಟೇಪು ಹರಿದಾಗಿದೆ, ಆಮೇಲೆ ಯಾರು ಯಾವ ವಿಡಿಯೋ ಮಾಡಲು ಸಾಧ್ಯ?

ಹೇಗಿರಬೇಕು ಎಂಬುದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ನೀವು ಇದನ್ನು ತಿದ್ದಿ ನಿಮ್ಮ ಸೂಚನೆಯಾಗಿ ಬಳಸಿದರೆ ಸಂತೋಷ. ಅಲ್ಲಿಯವರೆಗೆ ಈ ಪತ್ರ ಓದುವ ಖರೀದಿದಾರರಿಗಾದರೂ ಉಪಯೋಗವಾಗಲಿ.

ರೆಕಾರ್ಡಿಂಗ್ ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಇರಬೇಕು. ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಆ ಅಂತರದಲ್ಲಿ ವಸ್ತುವನ್ನು ತೆಗೆದಿಟ್ಟಿರಬಹುದು ಎಂಬ ವಾದಕ್ಕೆ ಬಾಗಿಲು ತೆರೆದಂತೆ. ಫೋನನ್ನು ಕೈಯಲ್ಲಿ ಹಿಡಿದು ಒಂದೇ ಕೈಯಿಂದ ಡಬ್ಬ ಬಿಚ್ಚಲು ಹೋದರೆ ಚಿತ್ರ ಅಲುಗಾಡುತ್ತದೆ, ಮುಖ್ಯ ಕ್ಷಣದಲ್ಲಿ ಡಬ್ಬ ಚೌಕಟ್ಟಿನಿಂದ ಜಾರುತ್ತದೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರ ಕೈಗೆ ಫೋನ್ ಕೊಡಿ, ಇಲ್ಲದಿದ್ದರೆ ಮೇಜಿನ ಮೇಲೆ ಇಡೀ ಡಬ್ಬ ಕಾಣುವಂತೆ ಫೋನನ್ನು ಆನಿಸಿಡಿ. ಮೊದಲು ಲೇಬಲ್: ಟ್ರ್ಯಾಕಿಂಗ್ ಸಂಖ್ಯೆ ಓದಲು ಬರುವಷ್ಟು ಹತ್ತಿರದಿಂದ, ಫೋಕಸ್ ಕೂರುವವರೆಗೆ ಮೂರು ನಾಲ್ಕು ಸೆಕೆಂಡು ಅಲುಗಾಡಿಸದೆ ತೋರಿಸಿ, ಸಂಖ್ಯೆಯನ್ನು ಬಾಯಿಬಿಟ್ಟೂ ಓದಿ. ಲೇಬಲ್‌ಗೆ ಹೊಳಪಿನ ಪ್ಲಾಸ್ಟಿಕ್ ಹೊದಿಕೆ ಇದ್ದರೆ ದೀಪದ ಪ್ರತಿಫಲನ ಬಿದ್ದು ಅಂಕಿಗಳು ಅಳಿಸಿಹೋಗುತ್ತವೆ, ಡಬ್ಬವನ್ನು ಸ್ವಲ್ಪ ಓರೆ ಮಾಡಿದರೆ ಸಾಕು. ದೂರುಗಳು ಬಿದ್ದುಹೋಗುವುದಕ್ಕೆ ಇದೂ ಒಂದು ಸಾಮಾನ್ಯ ಕಾರಣ: ಡಬ್ಬ ಖಾಲಿಯಿರುವುದು ಚೆನ್ನಾಗಿ ಕಾಣುತ್ತದೆ, ಆದರೆ ಅದು ಯಾವ ಪಾರ್ಸೆಲ್‌ನ ಡಬ್ಬ ಎಂಬುದು ಕಾಣುವುದಿಲ್ಲ.

ನಂತರ ಡಬ್ಬದ ಆರೂ ಮುಖಗಳು. ಎಲ್ಲರೂ ಮೇಲ್ಭಾಗ ತೋರಿಸುತ್ತಾರೆ, ತಳವನ್ನು ಬಿಡುತ್ತಾರೆ. ಇದು ಗೊತ್ತಿರುವ ಕಳ್ಳ ಮೇಲಿನ ಟೇಪನ್ನು ಮುಟ್ಟದೆ ತಳವನ್ನೇ ತೆರೆಯುತ್ತಾನೆ. ಟೇಪಿನ ಅಡಿಯಲ್ಲಿ ಇನ್ನೊಂದು ಟೇಪಿನ ಅಂಚು ಕಾಣುತ್ತಿದೆಯೇ, ಒಂದು ಕಡೆಯ ಟೇಪಿನ ಬಣ್ಣ ಅಥವಾ ಅಗಲ ಬೇರೆಯಿದೆಯೇ, ಟೇಪಿನ ಪಕ್ಕದಲ್ಲಿ ರಟ್ಟಿನ ಮೇಲ್ಪದರ ಕಿತ್ತು ಒಳಗಿನ ಒರಟು ನಾರು ತೋರುತ್ತಿದೆಯೇ ಎಂದು ನೋಡಬೇಕು. ಒಮ್ಮೆ ಅಂಟಿದ ಟೇಪನ್ನು ಕಿತ್ತರೆ ರಟ್ಟಿನ ಪದರವೂ ಅದರ ಜೊತೆ ಏಳುತ್ತದೆ, ಹೊಸ ಟೇಪು ಹಾಕಿದರೂ ಆ ಗಾಯ ಮುಚ್ಚುವುದು ಕಷ್ಟ. ಟೇಪು ಅಖಂಡವಾಗಿದ್ದರೆ ಅದನ್ನೂ ನಿಧಾನವಾಗಿ ತೋರಿಸುವುದು ಮುಖ್ಯ, ಏಕೆಂದರೆ ತೆರೆಯದ ಡಬ್ಬದಲ್ಲಿ ವಸ್ತು ಇಲ್ಲವೆಂದರೆ ಅದನ್ನು ಕಟ್ಟಿದವರೇ ಉತ್ತರ ಹೇಳಬೇಕಾಗುತ್ತದೆ. ನನ್ನ ಪ್ರಕರಣದಲ್ಲಿ ಹೀಗೇ ಇತ್ತು.

ಆಮೇಲೆ ತೂಕ. ತಕ್ಕಡಿ ಸೊನ್ನೆ ತೋರಿಸುವುದನ್ನು ಮೊದಲು ಹಿಡಿಯಿರಿ. ತೂಕ ಮುದ್ರಿಸಿರುವ, ಇನ್ನೂ ಒಡೆಯದ ಯಾವುದಾದರೂ ಪೊಟ್ಟಣವನ್ನು ಅದರ ಮೇಲಿಟ್ಟು ತೋರಿಸಿದರೆ ತಕ್ಕಡಿ ಸರಿಯಿದೆ ಎಂಬುದಕ್ಕೂ ಸಾಕ್ಷಿಯಾಯಿತು. ಮುದ್ರಿಸಿರುವುದು ನಿವ್ವಳ ತೂಕವಾದ್ದರಿಂದ ಹೊದಿಕೆಯ ಕೆಲವು ಗ್ರಾಂ ಹೆಚ್ಚು ಬರುವುದು ಸಹಜ. ಬಳಿಕ ಪಾರ್ಸೆಲ್ ಇಟ್ಟು ಅಂಕಿ ನಿಲ್ಲುವವರೆಗೆ ಕಾಯಿರಿ. ಡಬ್ಬ ದೊಡ್ಡದಾಗಿ ತಕ್ಕಡಿಯ ಪರದೆಯನ್ನೇ ಮುಚ್ಚಿಬಿಟ್ಟರೆ ಕೆಳಗೆ ಒಂದು ಬಟ್ಟಲು ಬೋರಲಿಟ್ಟು, ಮತ್ತೆ ಸೊನ್ನೆ ಮಾಡಿ, ಅದರ ಮೇಲೆ ಡಬ್ಬ ಇಡಬಹುದು. ಅಳತೆ ಪಟ್ಟಿಯಿಂದ ಮೂರು ಬದಿಗಳನ್ನೂ ಅಳೆಯುವುದು ಹೆಚ್ಚಿನ ಕೆಲಸವೆನಿಸಬಹುದು. ಆದರೆ ನನ್ನ ವಿಡಿಯೋದಲ್ಲಿ ಆ ಅಳತೆ ಇರದಿದ್ದರೆ ಆ 2.4 ಎಂಬ ಅಂಕಿಯ ಗುಟ್ಟು ಬಿಡಿಸಲು ನನ್ನ ಬಳಿ ಏನೂ ಇರುತ್ತಿರಲಿಲ್ಲ.

ಕತ್ತರಿಸುವಾಗ ಲೇಬಲ್‌ಗೆ ತಾಗದಂತೆ ಮುಚ್ಚಳದ ಸೀಳಿನಲ್ಲಿ ಕತ್ತರಿಸಿ. ಒಳಗಿರುವ ಪ್ರತಿಯೊಂದನ್ನೂ, ಕಾಗದದ ಮುದ್ದೆಯನ್ನು ಕೂಡ, ಬಿಡಿಸಿ ಮೇಜಿನ ಮೇಲೆ ಹರಡಿ, ಖಾಲಿ ಡಬ್ಬವನ್ನು ಕ್ಯಾಮೆರಾದ ಕಡೆ ತಿರುಗಿಸಿ ಒಳಭಾಗ ತೋರಿಸಿ, ಮಗುಚಿ ಕೊಡವಿ. ವಸ್ತು ಸಿಕ್ಕಿದ್ದರೆ ಅದರ ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರನ್ನೂ ವಸ್ತುವಿನ ಮೇಲಿನದನ್ನೂ ಒಂದೇ ಚೌಕಟ್ಟಿನಲ್ಲಿ ಅಕ್ಕಪಕ್ಕ ತೋರಿಸಿ. ಮೊಬೈಲ್ ಫೋನ್ ಆದರೆ ಅದನ್ನು ಹೊತ್ತಿಸಿ `*#06#` ಒತ್ತಿದಾಗ ಬರುವ ಐಎಂಇಐ ಸಂಖ್ಯೆಯನ್ನು ಪೆಟ್ಟಿಗೆಯ ಮೇಲಿನ ಸಂಖ್ಯೆಗೂ ಬಿಲ್ಲಿನಲ್ಲಿರುವ ಸಂಖ್ಯೆಗೂ ಹೋಲಿಸಬಹುದು. ತಲುಪಿಸಲು ಬಂದವರು ಎದುರಿಗಿದ್ದರೆ ಅವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಅಗತ್ಯವಿಲ್ಲ. ಒಳಗೇನಿದೆಯೋ ಅವರಿಗೂ ಗೊತ್ತಿರುವುದಿಲ್ಲ, ಸಿಟ್ಟೆಲ್ಲ ಅವರ ಮೇಲೆ ಹೋಗುವುದು ನಾನು ಕಂಡ ಇನ್ನೊಂದು ಅನ್ಯಾಯ.

ಇಷ್ಟಾದ ಮೇಲೆ ಕಡತವನ್ನು ಕಾಪಾಡುವ ವಿಚಾರ. ಸಾಮಾನ್ಯ ಫೋನಿನಲ್ಲಿ 1080ಪಿ ಗುಣಮಟ್ಟದ ಒಂದು ನಿಮಿಷದ ವಿಡಿಯೋ 60ರಿಂದ 130 ಎಂಬಿ ಆಗುವುದು ಸಹಜ. ಮೇಲೆ ಹೇಳಿದ್ದನ್ನೆಲ್ಲ ಮಾಡಲು ಮೂರು ನಾಲ್ಕು ನಿಮಿಷ ಬೇಕು. 20 ಎಂಬಿಯ ಮಿತಿ ಹಾಕಿ, ಕತ್ತರಿಸದ ವಿಡಿಯೋ ಕೊಡಿ ಎಂದು ಕೇಳುವುದು ನಡೆಯಲಾಗದ ಷರತ್ತು. ಮೆಸೇಜಿಂಗ್ ಆ್ಯಪ್‌ನಲ್ಲಿ ವಿಡಿಯೋ ಎಂದೇ ಕಳಿಸಿದರೆ ಅದು ಗಾತ್ರ ಇಳಿಸುತ್ತದೆ, ಚಿತ್ರೀಕರಿಸಿದ ದಿನಾಂಕ, ಸಮಯದಂಥ ಒಳವಿವರಗಳೂ ಕಳೆದುಹೋಗಬಹುದು; ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಕಡತ ಇದ್ದ ಹಾಗೇ ಹೋಗುತ್ತದೆ. ಮೂಲ ಕಡತವನ್ನು ಮುಟ್ಟದೆ ಇಟ್ಟುಕೊಂಡು, ಕಂಪ್ಯೂಟರಿಗೆ ನಕಲಿಸಿ, ಅದರ ಹ್ಯಾಶ್ ತೆಗೆದು, ಅದೇ ದಿನ ದೂರಿನ ಇಮೇಲ್‌ನಲ್ಲಿ ಆ ಸಾಲನ್ನು ಬರೆದುಬಿಟ್ಟರೆ ಉತ್ತಮ. ವಿಂಡೋಸ್‌ನಲ್ಲಿ ಮೊದಲ ಸಾಲು, ಲಿನಕ್ಸ್‌ನಲ್ಲಿ ಎರಡನೆಯದು:

```
certutil -hashfile video.mp4 SHA256
sha256sum video.mp4
```

ಬರುವ 64 ಅಕ್ಷರಗಳ ಸಾಲು ಆ ಕಡತದ ಬೆರಳಚ್ಚಿನ ಹಾಗೆ. ಒಂದು ಬಿಟ್ ಬದಲಾದರೂ ಸಾಲು ಬೇರೆಯಾಗುತ್ತದೆ. ದೂರು ಕೊಟ್ಟ ದಿನದಿಂದ ಈ ಕಡತವನ್ನು ಯಾರೂ ತಿದ್ದಿಲ್ಲ ಎಂಬುದನ್ನು ಅದು ತೋರಿಸುತ್ತದೆ. ಅದಕ್ಕೂ ಮುಂಚೆ ತಿದ್ದಿಲ್ಲ ಎಂಬುದನ್ನು ತೋರಿಸದು, ಅದಕ್ಕೇ ತಡಮಾಡದೆ ಅದೇ ದಿನ ಕಳಿಸಬೇಕು. ನಾನು ಇದನ್ನು ಮಾಡಿದ್ದೆ. "ಸಂಪಾದಿತ" ಎಂಬ ತೀರ್ಪು ಕೊಟ್ಟವರು ಮೂಲ ಕಡತವನ್ನು ಒಮ್ಮೆಯೂ ಕೇಳಲಿಲ್ಲ.

ಇನ್ನು ಓಟಿಪಿ. ಅದು ಸಾಬೀತುಪಡಿಸುವುದು ಒಂದನ್ನೇ: ಈ ಡಬ್ಬ ಈ ವ್ಯಕ್ತಿಯ ಕೈ ಸೇರಿತು. ಒಳಗೇನಿತ್ತು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಪಾರ್ಸೆಲ್ ಪಕ್ಕದ ಬೀದಿಗೆ ಹೋಗಬಾರದೆಂದು ಹುಟ್ಟಿದ ವ್ಯವಸ್ಥೆಯನ್ನು ಒಳಗಿನ ವಸ್ತುವಿಗೆ ರಸೀದಿಯನ್ನಾಗಿ ಬಳಸುತ್ತಿದ್ದೀರಿ. ಬಾಗಿಲಲ್ಲೇ ತೆರೆದು ತೋರಿಸುವ ಡೆಲಿವರಿಯಲ್ಲಿ ಕ್ರಮ ಸರಿಯಿದೆ: ಮೊದಲು ತೆರೆಯುವುದು, ನೋಡುವುದು, ಆಮೇಲೆ ಓಟಿಪಿ ಹೇಳುವುದು. ಆದರೆ ವಾಸ್ತವದಲ್ಲಿ ಎಷ್ಟೋ ಸಲ "ಮೊದಲು ಓಟಿಪಿ ಹೇಳಿ, ಆಗಲೇ ನಮ್ಮ ಆ್ಯಪ್ ಮುಂದೆ ಹೋಗುವುದು" ಎನ್ನುತ್ತಾರೆ. ಅವರ ಕೈಯಲ್ಲಿ ಇನ್ನೂ ಹತ್ತಾರು ಪಾರ್ಸೆಲ್‌ಗಳಿರುತ್ತವೆ, ಪ್ರತಿ ಬಾಗಿಲಲ್ಲಿ ನಿಮಿಷಗಟ್ಟಲೆ ನಿಲ್ಲುವಷ್ಟು ಸಮಯವನ್ನು ನೀವು ಅವರಿಗೆ ಕೊಟ್ಟಿರುವುದಿಲ್ಲ. ತೆರೆದು ನೋಡಲು ಸಮಯವಿಲ್ಲದಿದ್ದರೂ ತೂಗಿ ನೋಡಲು ಅರ್ಧ ನಿಮಿಷ ಸಾಕು. ಲೇಬಲ್ ಮೇಲೆ ನಿಜವಾದ ತೂಕ ಅಚ್ಚಾಗಿದ್ದರೆ, ಕಡಿಮೆ ತೂಗುವ ಪಾರ್ಸೆಲನ್ನು ಖರೀದಿದಾರ ಓಟಿಪಿ ಹೇಳದೆ ಅಲ್ಲಿಂದಲೇ ಹಿಂದಕ್ಕೆ ಕಳಿಸಬಹುದು. ಆಗ ನಿಮಗೂ ದೂರಿಲ್ಲ, ನಮಗೂ ವಿಡಿಯೋ ಬೇಡ.

ಹಿಂದಿರುಗಿಸುವ ದಾರಿಯ ಬಗ್ಗೆ ಮೇಲೆ ಪ್ರಸ್ತಾಪಿಸಿದ್ದೆ. ದೂರಿನ ಪುಟದಲ್ಲಿ "ಪಾರ್ಸೆಲ್ ಬಂದಿಲ್ಲ" ಎಂದು ಆರಿಸಿದರೆ ನಿಮ್ಮ ವ್ಯವಸ್ಥೆ ತಲುಪಿದ ದಾಖಲೆ ತೋರಿಸಿ ತಾನಾಗಿಯೇ ದೂರು ಮುಚ್ಚುತ್ತದೆ. "ತಪ್ಪು ವಸ್ತು ಬಂದಿದೆ" ಎಂದು ಆರಿಸಿದರೆ ಆ ಅಗ್ಗದ ವಸ್ತುವನ್ನು ವಾಪಸ್ ಕಳಿಸಬೇಕು. ಇದಕ್ಕೆ ಒಪ್ಪುವುದಾದರೆ ಕಳಿಸುವಾಗಲೂ ಅದೇ ಶಿಸ್ತು ಬೇಕು: ಅದೇ ಡಬ್ಬ, ಅದೇ ಕಾಗದ, ಒಂದೇ ಓಟದ ವಿಡಿಯೋ, ಕಟ್ಟಿದ ಮೇಲಿನ ತೂಕ, ಮತ್ತು ನಿಜವಾದ ತೂಕ ಬರೆದ ಕೊರಿಯರ್ ರಸೀದಿ. ನನ್ನ ಡಬ್ಬ ಹಿಂದಿರುಗುವಾಗಲೂ 430 ಗ್ರಾಂ ಆಸುಪಾಸಿನಲ್ಲೇ ಇತ್ತು. ಹೋಗುವಾಗಿನ ತೂಕವೂ ಬರುವಾಗಿನ ತೂಕವೂ ಒಂದೇ ಆಗಿದ್ದರೆ, ಇಲ್ಲಿಂದ ಲೆನ್ಸ್ ತೆಗೆದಿಟ್ಟುಕೊಂಡಿದ್ದಾರೆ ಎಂದು ಮಾರಾಟಗಾರ ಹೇಳಲು ಬರುವುದಿಲ್ಲ. ಇಂಥ ಸಣ್ಣ ಎಚ್ಚರಿಕೆಗಳನ್ನು ಮೋಸಹೋದವರೇ ಕಲಿಯಬೇಕಾಗಿರುವುದು ವಿಚಿತ್ರ. ಇದನ್ನು ಹಿಂದಿರುಗಿಸುವ ಲೇಬಲ್‌ನ ಜೊತೆಯಲ್ಲೇ ನೀವು ನಾಲ್ಕು ಸಾಲಿನಲ್ಲಿ ಕಳಿಸಬಹುದಿತ್ತು.

ಬಾಗಿಲ ಬಳಿಯ ವಿಡಿಯೋ ಏನನ್ನೂ ಹಿಡಿಯಲಾರದ ಒಂದು ಬಗೆಯ ಬದಲಿ ವಸ್ತು ಇದೆ. ಅದನ್ನು ಹೇಳದಿದ್ದರೆ ಈ ಪತ್ರ ಅಪೂರ್ಣ. ದೊಡ್ಡ ಸಾಮರ್ಥ್ಯದ್ದೆಂದು ಅಗ್ಗದಲ್ಲಿ ಮಾರುವ ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲಿ ಒಳಗಿನ ನಿಯಂತ್ರಕ ಚಿಪ್‌ಗೇ ಸುಳ್ಳು ಹೇಳಲು ಕಲಿಸಿರುತ್ತಾರೆ. ಕಂಪ್ಯೂಟರಿಗೆ ಸಿಕ್ಕಿಸಿದರೆ 2 ಟಿಬಿ ಎಂದು ತೋರಿಸುತ್ತದೆ, ಒಳಗೆ ಇರುವುದು 64 ಜಿಬಿ. ಅದು ತುಂಬುವವರೆಗೆ ಎಲ್ಲವೂ ಸರಿ. ಆಮೇಲೆ ಬರೆದ ಕಡತಗಳು ಹೆಸರಿಗೆ ಮಾತ್ರ ಇರುತ್ತವೆ, ತೆರೆಯಲು ಹೋದರೆ ಏನೂ ಸಿಗದು, ಅಥವಾ ಹಳೆಯವನ್ನೇ ಅಳಿಸಿ ಬರೆದಿರುತ್ತದೆ. ಇದನ್ನು ಕಂಡುಹಿಡಿಯಲು ಇಡೀ ಸಾಮರ್ಥ್ಯವನ್ನು ತುಂಬಿ ಮತ್ತೆ ಓದಿ ನೋಡಬೇಕು. ವಿಂಡೋಸ್‌ನಲ್ಲಿ `H2testw`, ಲಿನಕ್ಸ್‌ನಲ್ಲಿ `f3write` ಮತ್ತು `f3read` ಮಾಡುವುದು ಇದನ್ನೇ. ದೊಡ್ಡ ಡ್ರೈವ್‌ಗೆ ಗಂಟೆಗಟ್ಟಲೆ, ನಿಧಾನದ್ದಾದರೆ ದಿನಗಟ್ಟಲೆ ಬೇಕಾಗುತ್ತದೆ. ಡ್ರೈವ್ ಖಾಲಿ ಇರುವಾಗಲೇ ಪರೀಕ್ಷಿಸಬೇಕು. ವಿಡಿಯೋದಿಂದ ಇಲ್ಲಿ ಸಿಗುವ ಪ್ರಯೋಜನ ಒಂದೇ, ಪರೀಕ್ಷೆಗೆ ಒಳಗಾದ ಡ್ರೈವ್ ಆ ಪಾರ್ಸೆಲ್‌ನಿಂದಲೇ ಬಂದದ್ದು ಎಂಬುದನ್ನು ಸೀರಿಯಲ್ ನಂಬರಿನಿಂದ ಜೋಡಿಸುವುದು. ಇಂಥ ವಸ್ತುಗಳಿಗೂ ಎರಡೇ ದಿನದ ದೂರಿನ ಗಡುವು ಇಟ್ಟು, "ಆನ್ ಆಗುತ್ತಿದೆಯಲ್ಲ" ಎಂದು ಕೇಳುವುದು ಮಾರಾಟಗಾರನ ಪರ ವಾದಿಸಿದಂತೆಯೇ ಸರಿ.

ನಿಮ್ಮ ಕಷ್ಟವೂ ನನಗೆ ಗೊತ್ತಿದೆ. ಲೆನ್ಸ್ ತೆಗೆದಿಟ್ಟುಕೊಂಡು ಖಾಲಿ ಡಬ್ಬದ ಕತೆ ಕಟ್ಟುವ ಖರೀದಿದಾರರಿದ್ದಾರೆ. ಡಬ್ಬವನ್ನು ಜಾಣತನದಿಂದ ಬಿಚ್ಚಿ, ಮತ್ತೆ ಅಂಟಿಸಿ, ಆಮೇಲೆ ಕ್ಯಾಮೆರಾ ಮುಂದೆ ತೆರೆಯುವವರೂ ಇದ್ದಾರೆ. ಹಾಗಾಗಿ ಪ್ರತಿ ದೂರನ್ನೂ ನಂಬಿ ಹಣ ಕೊಡಿ ಎಂದು ನಾನು ಕೇಳುವುದಿಲ್ಲ. ಆದರೆ ಇದೇ ಕಾರಣಕ್ಕೆ, ಖರೀದಿದಾರನೂ ಮಾರಾಟಗಾರನೂ ಮುಟ್ಟಲಾಗದ ದಾಖಲೆಗೆ ಬೆಲೆ ಹೆಚ್ಚಾಗಬೇಕಲ್ಲವೇ? ಆ ದಾಖಲೆಯನ್ನು ಬೀಗ ಹಾಕಿಟ್ಟು, ಎರಡೂ ಕಡೆಯವರು ತಿದ್ದಬಹುದಾದ ವಿಡಿಯೋ, ಫೋಟೋಗಳ ಮೇಲೆ ತೀರ್ಪು ಕೊಡುವ ಪದ್ಧತಿಯಿಂದ ಪ್ರಾಮಾಣಿಕ ಮಾರಾಟಗಾರರಿಗೂ ನಷ್ಟವೇ.

ಆದ್ದರಿಂದ ನನ್ನ ಕೋರಿಕೆಗಳು ಇಷ್ಟು. ಸಾಗಣೆ ಸಂಸ್ಥೆಗಳು ಪ್ರತಿ ಕೇಂದ್ರದಲ್ಲಿ ಅಳೆದ ನಿಜವಾದ ತೂಕವನ್ನು ಟ್ರ್ಯಾಕಿಂಗ್ ಪುಟದಲ್ಲಿ ಸ್ಥಳ ಮತ್ತು ಸಮಯದ ಪಕ್ಕದಲ್ಲೇ ತೋರಿಸಲಿ, ಬಾಡಿಗೆಯ ತೂಕವನ್ನು ಬೇರೆ ಹೆಸರಿನಲ್ಲಿ ಬೇರೆ ಕಲಂನಲ್ಲಿ ಇಡಲಿ. ವೇದಿಕೆಗಳು ಪ್ರತಿ ವಸ್ತುವಿನ ಪುಟದಲ್ಲಿ ಕಟ್ಟಿದ ಪಾರ್ಸೆಲ್‌ನ ಅಂದಾಜು ತೂಕವನ್ನು ಪ್ರಕಟಿಸಿ, ಮೊದಲ ಕೇಂದ್ರದ ತೂಕ ಅದರ ಹತ್ತಿರಕ್ಕೂ ಬಾರದಿದ್ದರೆ ಆ ಪಾರ್ಸೆಲನ್ನು ಅಲ್ಲಿಯೇ ತಡೆದು ಮಾರಾಟಗಾರನನ್ನು ಪ್ರಶ್ನಿಸಲಿ, 1.3 ಕಿಲೋಗ್ರಾಂ ಇರಬೇಕಾದ ಜಾಗದಲ್ಲಿ 0.44 ಕಂಡಾಗ ಯಂತ್ರವೇ ಎಚ್ಚರಿಸುವುದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಡ. ವಿಡಿಯೋ ಬೇಕೆಂದಾದರೆ ಅದರ ಸೂಚನೆ ಆರ್ಡರ್ ಮಾಡಿದ ದಿನವೇ ಬರಲಿ, ಮೂಲ ಕಡತ ಹಿಡಿಸುವಷ್ಟು ಜಾಗ ದೂರಿನ ಪುಟದಲ್ಲಿರಲಿ. "ಡಬ್ಬ ಬಂದಿದೆ, ವಸ್ತು ಬಂದಿಲ್ಲ" ಎಂಬ ಆಯ್ಕೆಯೊಂದು ಆ ಪುಟದಲ್ಲಿ ಸೇರಲಿ, ಅದನ್ನು ಆರಿಸಿದ ಕೂಡಲೇ ತೂಕದ ದಾಖಲೆ ಎರಡೂ ಕಡೆಯವರಿಗೆ ಕಾಣುವಂತಾಗಲಿ. ದೂರನ್ನು ತಿರಸ್ಕರಿಸುವಾಗ ಯಾವ ಅಂಕಿಯನ್ನು ಆಧರಿಸಿದ್ದೀರಿ, ಅದು ಯಾವ ಯಂತ್ರದಲ್ಲಿ ಯಾವಾಗ ಅಳೆದದ್ದು ಎಂಬುದನ್ನು ಲಿಖಿತವಾಗಿ ತಿಳಿಸಿ.

ಕೊನೆಯದಾಗಿ, ಹಣ ಹಿಂದಿರುಗಿಸಿದೊಡನೆ ಪ್ರಕರಣ ಮುಗಿಯಿತೆಂದು ಭಾವಿಸಬೇಡಿ. ನನಗೆ ಡಬ್ಬ ಕಳಿಸಿದ ಮಾರಾಟಗಾರ ಅದೇ ಲೆನ್ಸ್‌ನ ಹೆಸರಿನಲ್ಲಿ ಇನ್ನೆಷ್ಟು ಪಾರ್ಸೆಲ್‌ಗಳನ್ನು ಕಳಿಸಿದ್ದಾನೆ, ಅವುಗಳ ಮೊದಲ ಕೇಂದ್ರದ ತೂಕ ಎಷ್ಟಿತ್ತು ಎಂಬುದು ನಿಮ್ಮ ಕಡತಗಳಲ್ಲಿದೆ. ಅದನ್ನು ತೆಗೆದು ನೋಡಿ, ಅರ್ಧ ಕಿಲೋಗ್ರಾಂಗಿಂತ ಕಡಿಮೆ ತೂಗಿದ ಪ್ರತಿ ಡಬ್ಬದ ಖರೀದಿದಾರರಿಗೂ, ಅವರು ದೂರು ಕೊಟ್ಟಿರಲಿ ಬಿಟ್ಟಿರಲಿ, ನೀವಾಗಿಯೇ ಪತ್ರ ಬರೆಯಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಖರೀದಿದಾರ